ಗ್ರಾಹಕರು ಪಾರ್ಸೆಲ್ ಬೇಡ ಎಂದು ವಾಪಸ್ ಕಳಿಸಿದಾಗ ಅವರಿಗೆ ಏನು ಬರೆಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕೊರಿಯರ್ ಮೂಲಕ ಸಾಮಾನು ಕಳಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮನೆಯಲ್ಲಿ ಯಾರೂ ಇಲ್ಲದೆ ಪಾರ್ಸೆಲ್ ವಾಪಸಾಗುವುದು ಬೇರೆ ಕಥೆ, ಅದು ಇಲ್ಲಿಲ್ಲ. ಬಾಗಿಲವರೆಗೆ ಬಂದ ಪಾರ್ಸೆಲ್ಲನ್ನು "ಬೇಡ, ತಗೊಂಡು ಹೋಗಿ" ಎಂದಾಗ ಆ ಗ್ರಾಹಕರಿಗೆ ಹೇಗೆ ಬರೆಯುವುದು, ಆಮೇಲೆ ಸಾಮಾನನ್ನು ಎತ್ತ ಕಳಿಸುವುದು ಎಂಬುದಷ್ಟೇ ಇಲ್ಲಿದೆ.

## ಮೊದಲ ದಿನ

ಟ್ರ್ಯಾಕಿಂಗ್‌ನಲ್ಲಿ "ರೆಫ್ಯೂಸ್ಡ್" ಅಂತ ಬಂದಿದೆ. ಗ್ರಾಹಕರಿಗೆ ಮನಸ್ಸು ಬದಲಾಯ್ತು ಅಂತ ತಾನೇ ಅರ್ಥ?

ಹಾಗೆಂದುಕೊಂಡರೆ ಮುಂದಿನದೆಲ್ಲ ಹಳಿ ತಪ್ಪುತ್ತದೆ. ಆ ಪದ ಗ್ರಾಹಕರು ಆಡಿದ್ದಲ್ಲ. ಡೆಲಿವರಿ ಮಾಡುವವರ ಕೈಯಲ್ಲಿರುವ ಯಂತ್ರದಲ್ಲಿ ನಾಲ್ಕಾರು ಆಯ್ಕೆಗಳಿರುತ್ತವೆ. ವಿಳಾಸ ಸಿಗಲಿಲ್ಲ, ಮನೆಯಲ್ಲಿ ಇರಲಿಲ್ಲ, ನಿರಾಕರಿಸಿದರು, ಹೀಗೆ. ಅವಸರದಲ್ಲಿ ಯಾವುದು ಹತ್ತಿರವೋ ಅದನ್ನು ಒತ್ತಿ ಅವರು ಮುಂದಿನ ಮನೆಗೆ ಹೋಗುತ್ತಾರೆ.

ಆ ಒಂದು ಪದದ ಹಿಂದೆ ತುಂಬಾ ಸಂಗತಿಗಳು ಅಡಗಿರಬಹುದು. ಬಾಕ್ಸ್ ಒಂದು ಮೂಲೆಯಲ್ಲಿ ಜಜ್ಜಿಹೋಗಿರಬಹುದು. ಎರಡು ಬಾಕ್ಸ್ ಬರಬೇಕಿದ್ದಲ್ಲಿ ಒಂದೇ ಬಂದಿರಬಹುದು. ಡೆಲಿವರಿ ಹೊತ್ತಿಗೆ ಕೊಡಬೇಕಾದ ಹಣ ಮೊದಲು ಹೇಳಿದ್ದಕ್ಕಿಂತ ಜಾಸ್ತಿ ಇರಬಹುದು. ಬಾಕ್ಸ್ ಮೇಲಿದ್ದ ಹೆಸರು ಮನೆಯವರಿಗೆ ಗೊತ್ತಿಲ್ಲದ್ದಾಗಿರಬಹುದು. ಉಡುಗೊರೆ ಕಳಿಸಿದಾಗ ಇದು ಮಾಮೂಲು. ಎಷ್ಟೋ ಸಲ ಬೇಡ ಎಂದವರು ಆರ್ಡರ್ ಮಾಡಿದವರೇ ಅಲ್ಲ, ಪಕ್ಕದ ಮನೆಯವರು ಅಥವಾ ಸೆಕ್ಯೂರಿಟಿಯವರು. ನಿಜವಾಗಿ ಮನಸ್ಸು ಬದಲಾದದ್ದೂ ಇರುತ್ತದೆ. ಆದರೆ ಅದು ಈ ಸಾಲಿನಲ್ಲಿ ಒಂದು ಕಾರಣ ಮಾತ್ರ.

ಮೊದಲು ಗ್ರಾಹಕರಿಗೆ ಬರೆಯಲಾ, ಕೊರಿಯರ್‌ನವರನ್ನ ಹಿಡಿಯಲಾ?

ಮೊದಲು ಕೊರಿಯರ್‌ನವರನ್ನು. ಅದೂ ಅದೇ ದಿನ. "ಬೇಡ" ಎಂದ ಪಾರ್ಸೆಲ್ಲನ್ನು ಬಹಳಷ್ಟು ಕೊರಿಯರ್‌ಗಳು ಸಾಮಾನ್ಯ ವಿಫಲ ಡೆಲಿವರಿಯ ಹಾಗೆ ಮತ್ತೆ ಮತ್ತೆ ಪ್ರಯತ್ನಿಸುವುದಿಲ್ಲ. ನೇರ ವಾಪಸಾತಿ ಸಾಲಿಗೆ ಹಾಕುತ್ತವೆ. ಒಮ್ಮೆ ವಾಪಸ್ ಲೇಬಲ್ ಅಂಟಿಸಿ ಲಾರಿಗೆ ಏರಿಸಿದರೆ ಅದನ್ನು ಮಧ್ಯದಲ್ಲಿ ಇಳಿಸುವುದು ಕಷ್ಟ. ನೀವು ಚೆಂದದ ಪತ್ರ ಬರೆದು, ಗ್ರಾಹಕರು "ನಾಳೆ ಕಳಿಸಿ" ಎಂದು ಉತ್ತರಿಸುವ ಹೊತ್ತಿಗೆ ಸಾಮಾನು ಅರ್ಧ ದಾರಿ ಹಿಂದೆ ಬಂದಿರುತ್ತದೆ.

ಹಾಗಾಗಿ ಮೊದಲ ಮಾತು "ಹೋಲ್ಡ್ ಮಾಡಿ, ನಾವು ಹೇಳುವವರೆಗೆ ವಾಪಸ್ ಕಳಿಸಬೇಡಿ" ಎಂದಿರಲಿ. ಇದನ್ನು ಬರವಣಿಗೆಯಲ್ಲಿ ಕೊಟ್ಟು, ದೂರಿನ ನಂಬರ್ ತೆಗೆದುಕೊಳ್ಳಿ. ಹೋಲ್ಡ್ ಎಷ್ಟು ದಿನ, ಯಾವ ದಿನದಿಂದ ಬಾಡಿಗೆ ಶುರು ಎಂದೂ ಕೇಳಿ. ಗ್ರಾಹಕರಿಗೆ ಕೊಡುವ ಗಡುವು ಈ ತಾರೀಕಿನಿಂದಲೇ ಹುಟ್ಟಬೇಕು.

ಆಮೇಲೆ ವಿವರ ಕೇಳಿ. ಎಷ್ಟು ಹೊತ್ತಿಗೆ ಹೋಗಿದ್ದರು, ಬಾಗಿಲಲ್ಲಿ ಯಾರಿದ್ದರು, ಫೋಟೋ ಅಥವಾ ಟಿಪ್ಪಣಿ ಇದೆಯಾ, ಪಾರ್ಸೆಲ್ ಈಗ ಯಾವ ಹಬ್‌ನಲ್ಲಿದೆ. ಒಂದಕ್ಕಿಂತ ಹೆಚ್ಚು ಬಾಕ್ಸ್ ಇದ್ದರೆ ಪ್ರತಿ ಬಾಕ್ಸಿನ ಸ್ಕ್ಯಾನ್ ಬೇರೆ ಬೇರೆ ನೋಡಿ. ಆರ್ಡರಿನ ಒಟ್ಟು ಸ್ಥಿತಿ ತೋರಿಸುವ ಪುಟದಲ್ಲಿ ಇದು ಕಾಣಿಸದೇ ಹೋಗಬಹುದು.

ಫೋನ್ ಮಾಡಿದ್ರೆ ಎರಡು ನಿಮಿಷದಲ್ಲಿ ಮುಗಿಯುತ್ತಲ್ಲ, ಬರೆಯೋದ್ಯಾಕೆ?

ಫೋನ್ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಮಾತಾಡಿದ್ದನ್ನು ಆಮೇಲೆ ಬರೆದು ಕಳಿಸಿ. ಯಾರು ಖರ್ಚು ಕೊಡುತ್ತಾರೆ, ಯಾವ ದಿನ ಬರುತ್ತದೆ ಎಂಬುದು ಬರವಣಿಗೆಯಲ್ಲಿ ಇಲ್ಲದಿದ್ದರೆ ಮುಂದೆ ಇಬ್ಬರಿಗೂ ಜಗಳ. ಇನ್ನೊಂದು ವಿಷಯ: "ನಿಮ್ಮ ಪಾರ್ಸೆಲ್ ನಿಂತಿದೆ" ಎಂಬ ಮೋಸದ ಕರೆ, ಮೆಸೇಜು ಎಲ್ಲರಿಗೂ ಬರುತ್ತಿರುತ್ತವೆ. ಆದ್ದರಿಂದ ಆರ್ಡರ್ ಖಚಿತಪಡಿಸಿದ ಅದೇ ಇಮೇಲ್ ವಿಳಾಸದಿಂದ, ಆರ್ಡರ್ ನಂಬರ್ ಮತ್ತು ಸಾಮಾನಿನ ಹೆಸರು ಹಾಕಿ ಬರೆಯಿರಿ. ಹಣ ಕಟ್ಟುವ ಲಿಂಕ್ ಈ ಮೊದಲ ಪತ್ರದಲ್ಲಿ ಬೇಡವೇ ಬೇಡ.

## ಪತ್ರದ ಒಳಗೆ

ಏನು ಬರೀಬೇಕು? ಒಂದು ಮಾದರಿ ಕೊಟ್ರೆ ಚೆನ್ನಾಗಿತ್ತು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಓದುವ ಮೇಜೊಂದು, ಎರಡು ಬಾಕ್ಸಿನಲ್ಲಿ ಹೊರಟಿದೆ. ಒಂದರಲ್ಲಿ ಮೇಲಿನ ಹಲಗೆ, ಇನ್ನೊಂದರಲ್ಲಿ ಕಾಲುಗಳು, ಡ್ರಾಯರ್ ಮತ್ತು ಸ್ಕ್ರೂಗಳು. ಹಣ ಮೊದಲೇ ಬಂದಿದೆ. ಮಂಗಳವಾರ ಮಧ್ಯಾಹ್ನ "ರೆಫ್ಯೂಸ್ಡ್" ಎಂದು ತೋರಿಸಿತು. ಡ್ರೈವರ್ ಟಿಪ್ಪಣಿ: "ಗ್ರಾಹಕರಿಗೆ ಬೇಡವಂತೆ". ಹೋಲ್ಡ್ ಹೇಳಿದ್ದಾಯಿತು. ಹಬ್‌ನವರು ಮುಂದಿನ ಮಂಗಳವಾರದವರೆಗೆ ಇಟ್ಟುಕೊಳ್ಳುತ್ತೇವೆ ಎಂದರು. ಬುಧವಾರ ಬೆಳಗ್ಗೆ ಹೋಗಬೇಕಾದ ಪತ್ರ ಹೀಗಿರಬಹುದು:

> ವಿಷಯ: ಆರ್ಡರ್ 4172, ಓದುವ ಮೇಜು – ನಿನ್ನೆಯ ಡೆಲಿವರಿ ಬಗ್ಗೆ
>
> ನಮಸ್ಕಾರ,
>
> ನಿನ್ನೆ ಮಧ್ಯಾಹ್ನ ನಿಮ್ಮ ಓದುವ ಮೇಜು ತಲುಪಿಸಲು ಬಂದಾಗ ಅದನ್ನು ತೆಗೆದುಕೊಳ್ಳಲಿಲ್ಲ ಎಂದು ಕೊರಿಯರ್‌ನವರು ತಿಳಿಸಿದ್ದಾರೆ. ಅಲ್ಲಿ ಏನಾಯಿತು ಎಂಬುದು ಅವರ ದಾಖಲೆಯಿಂದ ನಮಗೆ ತಿಳಿಯುತ್ತಿಲ್ಲ. ನಿಮ್ಮಿಂದಲೇ ಕೇಳಿ ತಿಳಿಯೋಣ ಎಂದು ಬರೆಯುತ್ತಿದ್ದೇವೆ.
>
> ಇವುಗಳಲ್ಲಿ ಯಾವುದು ನಿಜವೋ ಅದರ ನಂಬರ್ ಬರೆದರೂ ಸಾಕು:
> 1. ಬಾಕ್ಸ್ ಹಾಳಾಗಿತ್ತು ಅಥವಾ ಸೀಲ್ ತೆರೆದಿತ್ತು
> 2. ಎಲ್ಲ ಬಾಕ್ಸ್ ಬರಲಿಲ್ಲ, ಅಥವಾ ಬೇರೆ ಸಾಮಾನು ಬಂದಿತ್ತು
> 3. ಆ ದಿನ, ಆ ಹೊತ್ತು ಅನುಕೂಲವಿರಲಿಲ್ಲ
> 4. ಮೇಜು ಈಗ ಬೇಡ
> 5. ನಾವು ಬೇಡ ಎನ್ನಲಿಲ್ಲ, ಅಥವಾ ಬೇರೆ ಕಾರಣ
>
> ಮೇಜನ್ನು ಸದ್ಯ ಹಬ್‌ನಲ್ಲಿ ತಡೆಹಿಡಿಯಲು ಹೇಳಿದ್ದೇವೆ. ಸೋಮವಾರ ಸಂಜೆಯೊಳಗೆ ನಿಮ್ಮ ಉತ್ತರ ಬಂದರೆ, ಮತ್ತೆ ಕಳಿಸುವುದೋ ವಾಪಸ್ ತರಿಸುವುದೋ ನೀವು ಹೇಳಿದಂತೆ ಮಾಡುತ್ತೇವೆ. ಬಾರದಿದ್ದರೆ ಮೇಜು ನಮ್ಮ ಗೋದಾಮಿಗೆ ಹಿಂದಿರುಗುತ್ತದೆ. ಆಗ ಮತ್ತೊಮ್ಮೆ ಬರೆಯುತ್ತೇವೆ.
>
> ಈ ಪತ್ರಕ್ಕೆ ಉತ್ತರಿಸಲು ನೀವು ಯಾವ ಹಣವನ್ನೂ ಕಟ್ಟಬೇಕಾಗಿಲ್ಲ.

ಗಡುವು ಸೋಮವಾರ, ಹಬ್‌ನ ಕೊನೆ ದಿನ ಮಂಗಳವಾರ. ಆ ಒಂದು ದಿನದ ಅಂತರ ಬೇಕೇ ಬೇಕು. ಸೋಮವಾರ ರಾತ್ರಿ ಬಂದ ಉತ್ತರವನ್ನು ಕೊರಿಯರ್‌ಗೆ ದಾಟಿಸಲು ನಿಮಗೂ ಸಮಯ ಬೇಕಲ್ಲ.

"ತೆಗೆದುಕೊಳ್ಳಲಿಲ್ಲ ಎಂದು ಕೊರಿಯರ್‌ನವರು ತಿಳಿಸಿದ್ದಾರೆ" ಎಂಬ ವಾಕ್ಯವನ್ನೂ ಗಮನಿಸಿ. "ನೀವು ನಿರಾಕರಿಸಿದ್ದೀರಿ" ಎಂದು ಬರೆದರೆ, ಬೇಡ ಎಂದೇ ಇಲ್ಲದವರು ಮೊದಲ ಸಾಲಿಗೇ ಸಿಟ್ಟಾಗುತ್ತಾರೆ. ನಿಮಗೆ ಗೊತ್ತಿರುವುದು ಕೊರಿಯರ್ ಹೇಳಿದ್ದು ಮಾತ್ರ. ಅಷ್ಟನ್ನೇ ಬರೆಯಿರಿ.

ಕಾರಣಗಳ ಪಟ್ಟಿ ಯಾಕೆ? ಸುಮ್ನೆ "ಯಾಕೆ ತಗೊಳ್ಳಲಿಲ್ಲ" ಅಂತ ಕೇಳಬಾರದಾ?

ಕೇಳಿದರೆ ಎರಡರಲ್ಲೊಂದು ಆಗುತ್ತದೆ. ಉತ್ತರ ಬರುವುದಿಲ್ಲ, ಇಲ್ಲವೇ ಸುಳ್ಳು ಬರುತ್ತದೆ. "ಯಾಕೆ" ಎಂದರೆ ಸಮಜಾಯಿಷಿ ಕೇಳಿದಂತೆ. ಮನಸ್ಸು ಬದಲಾದವರಿಗೆ ಅದನ್ನು ಒಪ್ಪಿಕೊಳ್ಳಲು ಮುಜುಗರ. "ಬಾಕ್ಸ್ ಸರಿ ಇರಲಿಲ್ಲ" ಎಂದುಬಿಡುವುದು ಸುಲಭ. ಆಮೇಲೆ ನೀವು ಇಲ್ಲದ ಡ್ಯಾಮೇಜಿಗೆ ಕೊರಿಯರ್ ಜೊತೆ ಗುದ್ದಾಡುತ್ತೀರಿ.

ಅದಕ್ಕೇ "ಈಗ ಬೇಡ" ಎಂಬುದು ಪಟ್ಟಿಯಲ್ಲಿ ಉಳಿದವುಗಳ ಸಾಲಿನಲ್ಲೇ, ಯಾವ ವಿವರಣೆಯೂ ಇಲ್ಲದೆ ಇರಬೇಕು. ಅದನ್ನು ಮೊದಲನೆಯದಾಗಿ ಇಡಬೇಡಿ, ಅನುಮಾನಪಟ್ಟಂತೆ ಕಾಣುತ್ತದೆ. ನಿಮ್ಮ ಕಡೆಯ ತಪ್ಪುಗಳು ಮೊದಲು ಬರಲಿ. ಪಟ್ಟಿ ಐದು ಸಾಲು ದಾಟಿದರೆ ಯಾರೂ ಓದುವುದಿಲ್ಲ.

ಉತ್ತರ ಬಂತು. ಈಗ ಮುಂದೇನು?

ಮೇಜಿನ ಉದಾಹರಣೆಯನ್ನೇ ಮುಂದುವರಿಸೋಣ. ಗುರುವಾರ ಉತ್ತರ ಬರುತ್ತದೆ: "2. ಒಂದೇ ಬಾಕ್ಸ್ ತಂದಿದ್ದರು. ಎರಡಕ್ಕೂ ಸಹಿ ಹಾಕಿ ಅಂದರು. ಇನ್ನೊಂದು ಎಲ್ಲಿ ಅಂದರೆ ಗೊತ್ತಿಲ್ಲ ಅಂದರು. ಅದಕ್ಕೆ ಬೇಡ ಅಂದೆ." ಗ್ರಾಹಕರು ಮಾಡಿದ್ದು ಸರಿಯಾದ ಕೆಲಸ. ಬಾರದ ಬಾಕ್ಸಿಗೆ ಸಹಿ ಹಾಕಿದ್ದರೆ ಆಮೇಲೆ ಬಂದಿಲ್ಲ ಎಂದು ತೋರಿಸುವುದು ಅವರಿಗೂ ಕಷ್ಟ, ನಿಮಗೂ ಕಷ್ಟ.

ಈಗ ಸ್ಕ್ಯಾನ್ ನೋಡಿದರೆ ಕಥೆ ಹೊಂದುತ್ತದೆ. ಹಲಗೆಯ ಬಾಕ್ಸ್ ಡೆಲಿವರಿಗೆ ಹೊರಟ ಸ್ಕ್ಯಾನ್ ಇದೆ. ಕಾಲುಗಳ ಬಾಕ್ಸಿನ ಕೊನೆಯ ಸ್ಕ್ಯಾನ್ ಹಿಂದಿನ ಹಬ್‌ನಲ್ಲೇ ನಿಂತಿದೆ. ಅಲ್ಲಿ ಹುಡುಕಿಸಿದರೆ ಲೇಬಲ್ ಕಿತ್ತುಹೋಗಿ ಬದಿಗೆ ಇಟ್ಟಿದ್ದಾರೆ. ಇಂಥ ಬಾಕ್ಸನ್ನು ಹುಡುಕಿಸುವಾಗ ಅಳತೆ, ತೂಕ, ಒಳಗಿರುವ ಸಾಮಾನು, ಹೊರಗಿನ ಟೇಪಿನ ಬಣ್ಣ ಇಷ್ಟನ್ನೂ ಕೊಡಿ. ಲೇಬಲ್ ಇಲ್ಲದ ಬಾಕ್ಸಿಗೆ ಟ್ರ್ಯಾಕಿಂಗ್ ನಂಬರಿನಿಂದ ಏನೂ ಉಪಯೋಗವಿಲ್ಲ.

ಎರಡನೆಯ ಪತ್ರ ಚಿಕ್ಕದಾಗಿರಲಿ. ಏನಾಗಿತ್ತು ಎಂದು ಒಂದು ವಾಕ್ಯ. ತೊಂದರೆಗೆ ಕ್ಷಮೆ. ಎರಡೂ ಬಾಕ್ಸ್ ಒಟ್ಟಿಗೆ ಸಿಕ್ಕಿದ ಮೇಲಷ್ಟೇ ಹೊರಡುತ್ತವೆ ಎಂಬ ಮಾತು. ದಿನ ಮತ್ತು ಎರಡು ಮೂರು ಗಂಟೆಯ ಅವಧಿ. ಖರ್ಚು ನಮ್ಮದು. ಒಂದೇ ಬಾಕ್ಸ್ ಬಂದರೆ ಮತ್ತೆ ಬೇಡ ಎನ್ನಬಹುದು ಎಂದೂ ಬರೆಯಿರಿ. ಹಬ್‌ಗೆ ಹೋಗುವ ಸೂಚನೆಯಲ್ಲಿ "ಎರಡು ಬಾಕ್ಸ್, ಒಟ್ಟಿಗೆ ಮಾತ್ರ" ಎಂದಿರಬೇಕು. ಅದು ಗ್ರಾಹಕರ ಪತ್ರದಲ್ಲಿ ಮಾತ್ರ ಇದ್ದು ಹಬ್‌ಗೆ ಹೋಗದಿದ್ದರೆ ಮಂಗಳವಾರದ ಕಥೆಯೇ ಮರುಕಳಿಸುತ್ತದೆ.

"ನಾನು ಬೇಡ ಅನ್ನಲೇ ಇಲ್ಲ, ಯಾರೂ ಬಂದೇ ಇಲ್ಲ" ಅಂತಾರೆ. ಯಾರನ್ನ ನಂಬೋದು?

ತೀರ್ಪು ಕೊಡಲು ಹೋಗಬೇಡಿ. ದಿನದ ಕೊನೆಗೆ ಉಳಿದ ಪಾರ್ಸೆಲ್ಲುಗಳಿಗೆ ಏನಾದರೂ ಒಂದು ಕಾರಣ ಒತ್ತಿಬಿಡುವುದು ಈ ಕಸುಬಿನಲ್ಲಿ ಇಲ್ಲದ್ದೇನಲ್ಲ. ಕೊರಿಯರ್‌ನವರಿಂದ ಆ ಸ್ಕ್ಯಾನ್ ಆದ ಜಾಗ, ಸಮಯ ಮತ್ತು ಗ್ರಾಹಕರಿಗೆ ಮಾಡಿದ ಕರೆಯ ದಾಖಲೆ ಕೇಳಿ. ಸ್ಕ್ಯಾನ್ ಹಬ್‌ನೊಳಗೇ ಆಗಿದ್ದರೆ, ಅಥವಾ ಒಂದೇ ನಿಮಿಷದಲ್ಲಿ ಹಲವು ಪಾರ್ಸೆಲ್ಲುಗಳಿಗೆ ಅದೇ ಕಾರಣ ಬಿದ್ದಿದ್ದರೆ, ಉತ್ತರ ಸಿಕ್ಕಿತು. ಕೆಲವು ಕೊರಿಯರ್‌ಗಳಲ್ಲಿ "ಬೇಡ" ಎಂದು ದಾಖಲಿಸಲೂ ಗ್ರಾಹಕರ ಫೋನಿಗೆ ಒಟಿಪಿ ಹೋಗುವ ವ್ಯವಸ್ಥೆ ಇದೆ. ಇದ್ದರೆ ಆನ್ ಮಾಡಿಸಿಕೊಳ್ಳಿ.

ಗ್ರಾಹಕರಿಗೆ ಈ ತನಿಖೆಯ ಕಥೆ ಬೇಕಿಲ್ಲ. "ತೊಂದರೆಯಾದದ್ದಕ್ಕೆ ಕ್ಷಮಿಸಿ, ಯಾವ ದಿನ ಕಳಿಸಲಿ?" ಎಂದರೆ ಸಾಕು.

## ಹಣ, ಡ್ಯಾಮೇಜ್, ಮೌನ

ಬಾಕ್ಸ್ ಹರಿದಿತ್ತು ಅಂತಾರೆ ಗ್ರಾಹಕರು, ಸರಿಯಾಗೇ ಇತ್ತು ಅಂತಾನೆ ಡ್ರೈವರ್. ಗ್ರಾಹಕರ ಹತ್ರ ಫೋಟೋ ಕೇಳಲಾ?

ಕೇಳಬೇಡಿ. ಬಾಕ್ಸ್ ಅವರ ಬಳಿ ಇಲ್ಲ, ಎಲ್ಲಿಂದ ತೆಗೆದಾರು? ವಾಪಸ್ ಬಂದ ಮಾಲಿನ ಬಗ್ಗೆ ಬರೆಯುವಾಗ ಎಲ್ಲರೂ ಮರೆಯುವ ಸಂಗತಿ ಇದು. ಆಗಲೇ ಫೋಟೋ ತೆಗೆದಿದ್ದರೆ ಕಳಿಸಿ ಎನ್ನಬಹುದು, ಅಷ್ಟೇ. ಫೋಟೋ ಬೇಕಿರುವುದು ಹಬ್‌ನಿಂದ: ಬಾಕ್ಸಿನ ಆರು ಮುಖ, ಲೇಬಲ್, ಟೇಪ್ ಅಂಟಿದ ಜಾಗ, ಹರಿದ ಭಾಗದ ಹತ್ತಿರದ ಚಿತ್ರ.

ಚಿತ್ರ ಬರುವವರೆಗೆ ಅದೇ ಬಾಕ್ಸನ್ನು ಮತ್ತೆ ಡೆಲಿವರಿಗೆ ಬಿಡಬೇಡಿ. ಹಬ್‌ನವರು ಹೊಸ ಟೇಪ್ ಸುತ್ತಿ "ಈಗ ಸರಿ ಇದೆ" ಎಂದು ಹೊರಡಿಸುವುದುಂಟು. ಗ್ರಾಹಕರು ಎರಡನೇ ಸಲ ನೋಡುವುದು ಅದೇ ಜಜ್ಜಿದ ಮೂಲೆಯನ್ನು. ಆಮೇಲೆ ಮೂರನೇ ಪತ್ರಕ್ಕೆ ಅವರು ಉತ್ತರಿಸುವುದಿಲ್ಲ. ಡ್ಯಾಮೇಜ್ ಎಂದು ತೋರಿದರೆ ಹಳೆಯದನ್ನು ವಾಪಸ್ ತರಿಸಿ, ಹೊಸದನ್ನು ಗೋದಾಮಿನಿಂದ ಕಳಿಸಿ. ವಾಪಸ್ ಬಂದದ್ದನ್ನು ಇಳಿಸಿಕೊಳ್ಳುವಾಗಲೇ ಕೊರಿಯರ್‌ನವರ ರಸೀದಿ ಮೇಲೆ ಹಾನಿಯನ್ನು ಬರೆಯಿರಿ. ಪರಿಹಾರ ಕೇಳಲು ಕೊರಿಯರ್ ಒಪ್ಪಂದದಲ್ಲಿ ಗಡುವು ಇರುತ್ತದೆ. ಅದನ್ನು ಮೊದಲೇ ಓದಿಟ್ಟುಕೊಳ್ಳಿ.

ಹೋಗಿ ಬಂದ ಖರ್ಚನ್ನ ರೀಫಂಡ್‌ನಲ್ಲಿ ಹಿಡ್ಕೋಬಹುದಾ?

ಕಾರಣ ತಿಳಿಯುವ ಮೊದಲು ಆ ಮಾತೇ ಎತ್ತಬೇಡಿ. ಹಾನಿ, ಕೊರತೆ, ತಪ್ಪು ಸಾಮಾನು, ಹೇಳಿದ್ದಕ್ಕಿಂತ ತಡ, ಇವೆಲ್ಲ ಮಾರುವವರ ಖರ್ಚು. ಮನಸ್ಸು ಬದಲಾದ್ದಾದರೆ, ಕೊಳ್ಳುವ ಹೊತ್ತಿಗೇ ತೋರಿಸಿದ್ದ ನಿಯಮದಲ್ಲಿ ಆ ಕಡಿತ ಇದ್ದು, ಅಲ್ಲಿನ ಕಾನೂನೂ ಒಪ್ಪಿದರೆ ಮಾತ್ರ ಹಿಡಿಯಬಹುದು. ಆಗಲೂ ಮೊತ್ತವನ್ನು ಪತ್ರದಲ್ಲಿ ಅಂಕಿಯಲ್ಲೇ ಬರೆಯಿರಿ. "ಅನ್ವಯಿಸುವ ಶುಲ್ಕ ಕಳೆದು" ಎಂಬ ಸಾಲು ಗ್ರಾಹಕರಿಗೆ ಏನನ್ನೂ ಹೇಳುವುದಿಲ್ಲ.

ಬೇಡ ಅಂದ್ರೆ ಆರ್ಡರ್ ತಾನಾಗೇ ರದ್ದಾದ ಹಾಗೆ ಅಲ್ವಾ?

ಎಲ್ಲ ಕಡೆ ಹಾಗಲ್ಲ. ಉದಾಹರಣೆಗೆ ಯುರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದಲ್ಲಿ, ದೂರದಿಂದ ಕೊಂಡ ಹೆಚ್ಚಿನ ಸಾಮಾನನ್ನು 14 ದಿನದೊಳಗೆ ಕಾರಣ ಹೇಳದೆ ಬಿಟ್ಟುಕೊಡಬಹುದು. ಆದರೆ ಹಾಗೆಂದು ಸ್ಪಷ್ಟವಾಗಿ ತಿಳಿಸಬೇಕು. ಅಂಥ ಕಡೆ ನಿಮ್ಮ ಪತ್ರಕ್ಕೆ ಬರುವ "4. ಈಗ ಬೇಡ" ಎಂಬ ಉತ್ತರ ನಿಮ್ಮ ದಾಖಲೆಯಲ್ಲಿ ಬಹಳ ಮುಖ್ಯ. ಅದು ಬಂದ ದಿನವೇ "ನಿಮ್ಮ ರದ್ದತಿ ತಲುಪಿದೆ, ಇಷ್ಟು ಹಣ, ಇಂಥ ದಿನದೊಳಗೆ" ಎಂದು ಉತ್ತರಿಸಿ. ಕಾರಣ ಹೇಳುವುದು ಅವರ ಮರ್ಜಿ. ಹೇಳಿದರಷ್ಟೇ ರೀಫಂಡ್ ಎಂಬ ಧ್ವನಿ ಎಲ್ಲೂ ಬರಬಾರದು.

ಎರಡು ದಿನ ಆಯ್ತು, ಉತ್ತರವೇ ಇಲ್ಲ.

ಗಡುವಿಗೆ ಒಂದು ದಿನ ಮುಂಚೆ ಎರಡೇ ಸಾಲಿನ ನೆನಪು ಕಳಿಸಿ, ಬೇರೆ ದಾರಿಯಲ್ಲಿ. ಮೊದಲು ಇಮೇಲ್ ಮಾಡಿದ್ದರೆ ಈಗ ಮೆಸೇಜ್. ಉಡುಗೊರೆಯಾಗಿದ್ದರೆ ಬರೆಯಬೇಕಾದ್ದು ಹಣ ಕೊಟ್ಟವರಿಗೆ, ಬಾಗಿಲಲ್ಲಿದ್ದವರಿಗಲ್ಲ.

ಆಮೇಲೂ ಮೌನವಾದರೆ ವಾಪಸ್ ತರಿಸಿ. ಉತ್ತರ ಇಲ್ಲದೆ ಮತ್ತೆ ಡೆಲಿವರಿಗೆ ಕಳಿಸುವುದು ದಂಡ, ಮತ್ತೆ ಬೇಡ ಎಂದರೆ ಖರ್ಚು ದುಪ್ಪಟ್ಟು. ಸಾಮಾನು ಗೋದಾಮಿಗೆ ಬಂದ ಮೇಲೆ ತೆರೆದು ನೋಡಿ, ಮೂರನೆಯ ಹಾಗೂ ಕೊನೆಯ ಪತ್ರ ಬರೆಯಿರಿ: ವಾಪಸ್ ಬಂದಿದೆ, ಇಂಥ ಸ್ಥಿತಿಯಲ್ಲಿದೆ, ಹಣವನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತಿದ್ದೇವೆ. ಹಣ ಮೊದಲೇ ಬಂದಿದ್ದ ಆರ್ಡರಿನಲ್ಲಿ ಗ್ರಾಹಕರು ಕೇಳಲಿಲ್ಲ ಎಂದು ಸುಮ್ಮನಿದ್ದರೆ, ಅವರು ಬ್ಯಾಂಕಿನಲ್ಲಿ ದೂರು ಕೊಟ್ಟಾಗ ನಿಮ್ಮ ಪರ ಹೇಳಲು ಏನೂ ಇರುವುದಿಲ್ಲ.

## ಸ್ವಲ್ಪ ಜಟಿಲವಾದವು

ನಮ್ಮ ಗ್ರಾಹಕರು ಕಂಪನಿಯವರು. ಅವರ ಗೋದಾಮಿನವರೇ ಲೋಡ್ ವಾಪಸ್ ಕಳಿಸಿದ್ರು. ಯಾರಿಗೆ ಬರೀಬೇಕು?

ಖರೀದಿ ವಿಭಾಗಕ್ಕೆ ಬರೆದು ಗೋದಾಮಿಗೆ ಪ್ರತಿ ಕಳಿಸಿ. ಗೋದಾಮಿನವರ ಕಾರಣ ಸಾಮಾನ್ಯವಾಗಿ ಸರಳ: ಆರ್ಡರ್ ನಂಬರ್ ಚೀಟಿಯ ಮೇಲೆ ಇಲ್ಲ, ಇಳಿಸುವ ಸಮಯ ಗೊತ್ತುಮಾಡಿಲ್ಲ, ದಿನಕ್ಕೆ ಮುಂಚೆ ಬಂತು, ಎಣಿಕೆ ಹೊಂದಲಿಲ್ಲ. ಖರೀದಿಯವರಿಗೆ ಲಾರಿ ಬಂದು ಹೋದದ್ದೇ ಗೊತ್ತಿರುವುದಿಲ್ಲ. ಹಾಗಾಗಿ ಚೀಟಿಯ ಪ್ರತಿ ಲಗತ್ತಿಸಿ, "ಇಡೀ ಲೋಡ್ ಬೇಡವೋ, ಇದರಲ್ಲಿ ಯಾವ ಸಾಲು ಬೇಡವೋ" ಎಂದು ಕೇಳಿ.

ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ 1980ರ ವಿಯೆನ್ನಾ ಮಾರಾಟ ಒಪ್ಪಂದ ಅನ್ವಯಿಸಿದರೆ, ಅದರ 52ನೇ ವಿಧಿ ನೋಡಿ. ಗೊತ್ತುಪಡಿಸಿದ ದಿನಕ್ಕಿಂತ ಮುಂಚೆ ಬಂದದ್ದನ್ನು ಕೊಳ್ಳುವವರು ಬೇಡ ಎನ್ನಬಹುದು. ಜಾಸ್ತಿ ಬಂದರೆ ಆ ಹೆಚ್ಚಿನ ಭಾಗವನ್ನಷ್ಟೇ ಬೇಡ ಎನ್ನಬಹುದು. ಅಂದರೆ ಬೇಗ ಕಳಿಸಿ ಉಪಕಾರ ಮಾಡಿದೆವು ಎಂಬ ಧಾಟಿಯ ಪತ್ರ ನಿಲ್ಲುವುದಿಲ್ಲ.

ರಸ್ತೆ ಸಾಗಣೆಯ 1956ರ ಸಿಎಂಆರ್ ಒಪ್ಪಂದದಲ್ಲಿ ಇನ್ನೊಂದು ಕುತೂಹಲದ ಮಾತಿದೆ, 15ನೇ ವಿಧಿಯಲ್ಲಿ. ಕೊಳ್ಳುವವರು ಬೇಡ ಎಂದ ಮೇಲೂ, ಕಳಿಸಿದವರಿಂದ ಬೇರೆ ಸೂಚನೆ ಸಾಗಣೆದಾರರಿಗೆ ಬರುವವರೆಗೆ, ಅವರೇ ಮತ್ತೆ ಕೊಡಿ ಎಂದು ಕೇಳಬಹುದು. ಆದ್ದರಿಂದ ಗಾಬರಿಯಲ್ಲಿ "ವಾಪಸ್ ತನ್ನಿ" ಎಂದು ಸೂಚನೆ ಕೊಟ್ಟುಬಿಟ್ಟರೆ, ತೆರೆದೇ ಇದ್ದ ಒಂದು ಬಾಗಿಲನ್ನು ನೀವೇ ಮುಚ್ಚಿದಂತೆ.

ಬೇರೆ ದೇಶದ ಗ್ರಾಹಕರು ಕಸ್ಟಮ್ಸ್ ಸುಂಕ ಕೇಳಿದ್ದಕ್ಕೆ ಬೇಡ ಅಂದ್ರು. ವಾಪಸ್ ತರಿಸೋದಾ, ಅಲ್ಲೇ ಬಿಡೋದಾ?

ಮೊದಲು ನಿಮ್ಮ ಮಾರಾಟದ ಷರತ್ತು ನೋಡಿ. ಡಿಎಪಿ ಆಗಿದ್ದರೆ ಆಮದು ಸುಂಕ ಕೊಳ್ಳುವವರದ್ದು, ಡಿಡಿಪಿ ಆಗಿದ್ದರೆ ನಿಮ್ಮದು. ಗ್ರಾಹಕರಿಗೆ ಈ ಪದಗಳು ಗೊತ್ತಿರಬೇಕಿಲ್ಲ. "ಪುಟದಲ್ಲಿದ್ದ ಬೆಲೆಯಲ್ಲಿ ನಿಮ್ಮ ದೇಶದ ಸುಂಕ ಸೇರಿರಲಿಲ್ಲ" ಎಂದು ನೇರವಾಗಿ ಬರೆದು, ಎಷ್ಟು ಕೇಳಿದರು ಎಂದು ವಿಚಾರಿಸಿ. ಸುಂಕ ಲೆಕ್ಕ ಹಾಕಿದ್ದೇ ತಪ್ಪಾಗಿರಬಹುದು: ಘೋಷಣೆಯಲ್ಲಿ ಬೆಲೆ ತಪ್ಪಿರಬಹುದು, ಸರಕಿನ ಕೋಡ್ ತಪ್ಪಿರಬಹುದು. ಅದು ನಿಮ್ಮ ಕಡೆಯದು, ತಿದ್ದಬಹುದು.

ಸುಂಕ ಸರಿಯೇ ಇದ್ದರೆ, ಭಾಗಶಃ ನೀವು ಭರಿಸುವುದು, ವಾಪಸ್ ತರಿಸುವುದು, ಅಲ್ಲೇ ಬಿಟ್ಟುಬಿಡುವುದು ಎಂಬ ಮೂರು ದಾರಿ. ಅಗ್ಗದ ಸಾಮಾನಿಗೆ ವಾಪಸ್ ಸಾಗಣೆಯೇ ಬೆಲೆ ಮೀರುತ್ತದೆ. ಹಾಗಿದ್ದರೂ ಬಿಟ್ಟುಬಿಡುತ್ತೇವೆ ಎಂದು ಸಾಗಣೆದಾರರಿಗೆ ಹೇಳುವ ಮೊದಲು ನಾಶದ ಖರ್ಚು ಯಾರ ಮೇಲೆ ಬೀಳುತ್ತದೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ಅಂಚೆ ಪಾರ್ಸೆಲ್ಲಾದರೆ, ಕೊಡಲಾಗದಿದ್ದರೆ ವಾಪಸ್ಸೋ ಬಿಟ್ಟುಬಿಡುವುದೋ ಎಂಬ ಆಯ್ಕೆಯನ್ನು ಸಾಮಾನ್ಯವಾಗಿ ಕಳಿಸುವಾಗಲೇ ಫಾರಂನಲ್ಲಿ ಗುರುತಿಸಿರುತ್ತೀರಿ. ನಿಮ್ಮ ಪತ್ರ ಆ ಗುರುತಿಗೆ ವಿರುದ್ಧವಾಗಿ ಮಾತು ಕೊಡಬಾರದು.

ಒಬ್ಬರೇ ಗ್ರಾಹಕರು ಮತ್ತೆ ಮತ್ತೆ ಬೇಡ ಅಂತಾರೆ. ಅವರಿಗೂ ಇದೇ ಪತ್ರಾನಾ?

ಮೊದಲು ಅವರ ಹಳೆಯ ಉತ್ತರಗಳನ್ನೂ, ಆ ವಿಳಾಸಕ್ಕೆ ಹೋಗುವ ಕೊರಿಯರ್ ಯಾವುದು ಎಂಬುದನ್ನೂ ನೋಡಿ. ಅದೇ ಬೀದಿಯ ಬೇರೆ ಆರ್ಡರುಗಳೂ ಹೀಗೇ ವಾಪಸಾಗುತ್ತಿದ್ದರೆ ತೊಂದರೆ ಗ್ರಾಹಕರದ್ದಲ್ಲ, ಕೊರಿಯರ್ ಬದಲಿಸಿ. ನಿಜಕ್ಕೂ ಅವರೇ ಆಗಿದ್ದರೆ ಆರೋಪದ ಪತ್ರ ಬೇಡ. ಮುಂದಿನ ಆರ್ಡರಿಗೆ ಡೆಲಿವರಿ ಹೊತ್ತಿನ ಹಣ ಪಾವತಿಯನ್ನು ತೆಗೆದು, ಮುಂಗಡ ಪಾವತಿ ಮಾತ್ರ ಇಡಿ. ಹೊರಡುವ ಹಿಂದಿನ ದಿನ "ನಾಳೆ ಕಳಿಸಬಹುದಾ?" ಎಂದು ಒಂದು ಮೆಸೇಜ್ ಹಾಕಿ, ಹೌದು ಎಂದ ಮೇಲೆ ಬಾಕ್ಸ್ ಕಟ್ಟಿ.